ಬರೆದ ಹಾಡನ್ನು ಸೋಸುವುದು ಹೇಗೆ: ಮಸುಕು ಚಿತ್ರ, ಸವಕಲು ಮಾತು, ತುಂಬುಪದ

ಹಾಡಿನ ಮೊದಲ ಕರಡು ಬರೆದವರಿಗೆ ಚೆನ್ನಾಗಿಯೇ ಕೇಳಿಸುತ್ತದೆ. ಬರೆಯುವಾಗ ಮನಸ್ಸಿನಲ್ಲಿದ್ದ ಭಾವ ಓದುವಾಗಲೂ ಅಲ್ಲೇ ಇರುತ್ತದೆ. ಹಾಳೆಯ ಮೇಲೆ ಇಲ್ಲದ್ದನ್ನು ಅದು ತುಂಬಿಕೊಡುತ್ತದೆ. ಕೇಳುವವನಿಗೆ ಆ ಅನುಕೂಲ ಇಲ್ಲ. ಅವನಿಗೆ ಸಿಗುವುದು ಪದಗಳು ಮಾತ್ರ.

ಭಾವಗೀತೆ, ಆಲ್ಬಂ ಹಾಡು, ಸಿನಿಮಾ ಹಾಡು ಯಾವುದೇ ಇರಲಿ, ಕರಡನ್ನು ನಾನು ಯಾವ ಕ್ರಮದಲ್ಲಿ ಸೋಸುತ್ತೇನೆ ಅಂತ ಒಂದೇ ಹಾಡನ್ನು ಇಟ್ಟುಕೊಂಡು ಹೇಳುತ್ತೇನೆ. ಈ ಕರಡು ನನ್ನ ಹತ್ತಿರ ಬರುವ ಒಬ್ಬ ಹುಡುಗ ಬರೆದದ್ದು. ತೀರಿಹೋದ ಅಪ್ಪನ ಮೇಲೆ ಬರೆದ ಹಾಡು. ಅವನ ಒಪ್ಪಿಗೆ ಪಡೆದೇ ಇಲ್ಲಿ ಹಾಕಿದ್ದೇನೆ.

ಅಪ್ಪನ ನೆನಪಿನ ಕಡಲಲಿ ನಾನು
ತೇಲುವೆ ಎಂದೂ ಸುಮ್ಮನೆ ಹೀಗೆ
ಬಾಳಿನ ಪಯಣದ ದಾರಿಯ ದೀಪ
ನೀನೇ ನನ್ನಯ ದೇವರ ರೂಪ

ಕಾಣದ ಲೋಕಕೆ ದೂರಕೆ ಹೋದೆ
ಏನೋ ನೋವನು ನನಗೇ ತಂದೆ
ಮರೆಯದ ಸುಂದರ ನೆನಪುಗಳೆಲ್ಲ
ಉಸಿರಿರುವರೆಗೂ ಅಳಿಯುವುದಿಲ್ಲ

ಮೊದಲೇ ಒಂದು ಮಾತು ಹೇಳಬೇಕು. ಇದರ ಲೆಕ್ಕ ಪಕ್ಕಾ ಇದೆ. ನಾಲ್ಕು ಮಾತ್ರೆಯ ಗಣ ಮೂರು, ಕೊನೆಗೆ ಮೂರು ಮಾತ್ರೆ. ಎಂಟು ಸಾಲಿನಲ್ಲೂ ಹಾಗೇ. ‘ಅಪ್ಪನ’ ನಾಲ್ಕು, ‘ನೆನಪಿನ’ ನಾಲ್ಕು, ‘ಕಡಲಲಿ’ ನಾಲ್ಕು, ‘ನಾನು’ ಮೂರು. ಟ್ಯೂನಿಗೆ ಸಲೀಸಾಗಿ ಕೂರುತ್ತದೆ. ಇಂಥ ಕರಡಿನ ತೊಂದರೆಯೇ ಅದು. ಹಾಡಿದರೆ ತಪ್ಪು ಕಾಣುವುದಿಲ್ಲ.

ಹೆಜ್ಜೆ 1: ಟ್ಯೂನ್ ಕಳಚಿ

ಬರೆದ ಮೇಲೆ ಮೂರು ನಾಲ್ಕು ದಿನ ಅದನ್ನು ಮುಟ್ಟಬೇಡಿ, ಗುನುಗಲೂ ಬೇಡಿ. ಆಮೇಲೆ ಒಂದು ಹಾಳೆಯಲ್ಲಿ ಸಾಲಿಗೆ ಸಾಲು ಬಿಡುವು ಬಿಟ್ಟು ಕೈಯಲ್ಲೇ ನಕಲು ಮಾಡಿ. ಪ್ರತಿ ಸಾಲಿನ ಕೆಳಗೆ ಅದೇ ಮಾತನ್ನು ಗದ್ಯದಲ್ಲಿ ಬರೆಯಿರಿ. ಮನೆಯಲ್ಲಿ ಯಾರಿಗೋ ಹೇಳುತ್ತಿದ್ದರೆ ಹೇಗೆ ಹೇಳುತ್ತೀರೋ ಹಾಗೆ.

ನಮ್ಮ ಹುಡುಗ ಬರೆದ ಗದ್ಯ ಹೀಗಿತ್ತು: ‘ಅಪ್ಪ ನೆನಪಾಗ್ತಾನೆ. ಅವನು ನನಗೆ ದಾರಿ ತೋರಿಸಿದ. ಅವನು ದೇವರಂಥವನು. ಅವನು ತೀರಿಹೋದ. ನನಗೆ ದುಃಖ ಆಯ್ತು. ನಾನು ಅವನನ್ನ ಮರೆಯಲ್ಲ.’ ಎಂಟು ಸಾಲಿಗೆ ಆರು ವಾಕ್ಯ. ಆರರಲ್ಲಿ ಮೊದಲನೆಯದೂ ಕೊನೆಯದೂ ಹೆಚ್ಚೂಕಡಿಮೆ ಒಂದೇ. ‘ತೇಲುವೆ ಎಂದೂ ಸುಮ್ಮನೆ ಹೀಗೆ’ ಸಾಲಿನ ಕೆಳಗೆ ಅವನಿಗೆ ಏನೂ ಬರೆಯಲು ಆಗಲಿಲ್ಲ. ಜಾಗ ಖಾಲಿ ಉಳಿಯಿತು.

ಖಾಲಿ ಉಳಿದ ಜಾಗದಲ್ಲೇ ನಮ್ಮ ಕೆಲಸ ಶುರುವಾಗುತ್ತದೆ. ಗದ್ಯಕ್ಕೆ ಇಳಿಯದ ಸಾಲೆಲ್ಲ ಕೆಟ್ಟದ್ದು ಅಂತ ಅಲ್ಲ. ಕೆಲವು ಒಳ್ಳೆಯ ಸಾಲುಗಳೂ ಗದ್ಯಕ್ಕೆ ಇಳಿಯುವುದಿಲ್ಲ. ಆದರೆ ಅಂಥ ಸಾಲನ್ನು ಕೇಳಿದಾಗ ಒಂದು ಚಿತ್ರವಾದರೂ ಕಣ್ಣ ಮುಂದೆ ಬರುತ್ತದೆ. ಇಲ್ಲಿ ಅದೂ ಬರಲಿಲ್ಲ.

ಹೆಜ್ಜೆ 2: ಮೊದಲು ಮಸುಕು ಚಿತ್ರ ಹಿಡಿಯಿರಿ

ಹೆಚ್ಚಿನವರು ಪದಗಳನ್ನು ತಿದ್ದುವುದರಿಂದ ಶುರುಮಾಡುತ್ತಾರೆ. ನಾನು ಬೇಡ ಅನ್ನುತ್ತೇನೆ. ಚಿತ್ರ ಮಸುಕಾಗಿದ್ದರೆ ಇಡೀ ಸಾಲೇ ಹೋಗುತ್ತದೆ. ಹೋಗುವ ಸಾಲಿನ ಪದಗಳನ್ನು ತಿದ್ದುತ್ತ ಕೂತರೆ ಸಮಯ ಹಾಳು, ಅಲ್ವಾ?

ಮಸುಕು ಚಿತ್ರ ಕನ್ನಡದಲ್ಲಿ ಬಹಳ ಸಲ ಒಂದೇ ವೇಷದಲ್ಲಿ ಬರುತ್ತದೆ. ಕಣ್ಣಿಗೆ ಕಾಣದ ಒಂದು ಪದ, ಅದಕ್ಕೆ ‘ಇನ’ ಅಥವಾ ‘ಅದ’, ಮುಂದೆ ಕಣ್ಣಿಗೆ ಕಾಣುವ ಒಂದು ವಸ್ತು. ನೆನಪಿನ ಕಡಲು. ನೋವಿನ ಮಳೆ. ಮೌನದ ಗೋಡೆ. ಕನಸಿನ ಅರಮನೆ. ಎಡಗಡೆ ಹತ್ತು ಭಾವ, ಬಲಗಡೆ ಹತ್ತು ವಸ್ತು ಬರೆದುಕೊಂಡರೆ ನೂರು ಜೋಡಿ ತಯಾರು. ನೋವಿನ ಕಡಲು ಅನ್ನಬಹುದು, ಕನಸಿನ ಮಳೆ ಅನ್ನಬಹುದು, ಯಾವುದೂ ಬಿಗಿಯಾಗಿ ಕೂರುವುದಿಲ್ಲ, ಯಾವುದೂ ಬೀಳುವುದೂ ಇಲ್ಲ. ಹಾಗೆ ಅದಲು ಬದಲು ಮಾಡಲು ಬಂದರೆ ಅಲ್ಲಿ ಚಿತ್ರ ಇಲ್ಲ ಅಂತಲೇ ಅರ್ಥ.

ಕರಡಿನಲ್ಲಿ ಇಂಥ ಜೋಡಿಗಳಿಗೆಲ್ಲ ಪೆನ್ಸಿಲಿನಿಂದ ಸುತ್ತು ಹಾಕಿ. ನಮ್ಮ ಪಲ್ಲವಿಯ ಮೂರನೇ ಸಾಲು ನೋಡಿ: ‘ಬಾಳಿನ ಪಯಣದ ದಾರಿಯ ದೀಪ’. ಬಾಳು ಪಯಣವಾಯಿತು, ಪಯಣಕ್ಕೆ ದಾರಿ ಬಂತು, ದಾರಿಗೆ ದೀಪ ಬಂತು. ಕೊಂಡಿ ಬೆಳೆದ ಹಾಗೆ ಅಪ್ಪ ದೂರ ಹೋದ. ಅದಕ್ಕೂ ಮೊದಲು ಅವನು ಕಡಲು, ಮುಂದಿನ ಸಾಲಿನಲ್ಲಿ ದೇವರು. ನಾಲ್ಕು ಸಾಲಿನೊಳಗೆ ಕಡಲಲ್ಲಿ ತೇಲುತ್ತಿದ್ದವನು ದಾರಿಯಲ್ಲಿ ನಡೆಯುತ್ತಿದ್ದಾನೆ. ಒಂದು ಚಿತ್ರ ಕಣ್ಣಿಗೆ ಕಟ್ಟುವ ಮೊದಲೇ ಇನ್ನೊಂದು ಬಂದು ಅದನ್ನು ಒರೆಸುತ್ತದೆ.

ಇದಕ್ಕೆ ಎರಡು ಪರೀಕ್ಷೆ ಇವೆ. ಮೊದಲನೆಯದು, ಈ ಸಾಲನ್ನು ಒಬ್ಬ ಫೋಟೋಗ್ರಾಫರ್ ಕೈಗೆ ಕೊಟ್ಟರೆ ಅವನು ಏನನ್ನು ಫೋಟೋ ತೆಗೆಯುತ್ತಾನೆ? ಎರಡನೆಯದು ಇನ್ನೂ ಕಟುವಾದದ್ದು. ಹಾಡು ಯಾರ ಮೇಲಿದೆಯೋ ಅವರನ್ನು ತೆಗೆದು ಬೇರೆಯವರನ್ನು ಕೂರಿಸಿ. ‘ಅಪ್ಪನ’ ಅನ್ನುವ ಕಡೆ ‘ಅಮ್ಮನ’ ಅಂತ ಹಾಕಿ. ಮಾತ್ರೆಯೂ ಸರಿ, ಹಾಡೂ ಸರಿ. ‘ನಲ್ಲೆಯ’ ಅಂತ ಹಾಕಿ. ಆಗಲೂ ಸರಿ. ‘ಗುರುಗಳ’ ಅಂತ ಹಾಕಿದರೂ ಸರಿ. ಎಂಟು ಸಾಲಿನಲ್ಲಿ ಒಂದೂ ತಕರಾರು ಮಾಡುವುದಿಲ್ಲ. ಆ ಹುಡುಗನ ಅಪ್ಪ ಅವನ ಹಾಡಿನೊಳಗೇ ಇರಲಿಲ್ಲ. ಇದನ್ನು ತೋರಿಸಿದಾಗ ಅವನ ಮುಖ ಸಣ್ಣದಾಯಿತು. ನನಗೂ ಕಷ್ಟವಾಯಿತು. ಆದರೆ ಇದನ್ನು ಈಗಲೇ ನೋಡಿಕೊಳ್ಳುವುದು ಒಳ್ಳೆಯದು, ರೆಕಾರ್ಡಿಂಗ್ ಆದ ಮೇಲೆ ಅಲ್ಲ.

ಹೆಜ್ಜೆ 3: ಸವಕಲು ಮಾತು ಕಂಡುಹಿಡಿಯುವುದು

ಸವಕಲು ಮಾತಿಗೆ ಸುಲಭದ ಪರೀಕ್ಷೆ ಇದೆ. ಹಾಡು ಗೊತ್ತಿಲ್ಲದ ಒಬ್ಬರನ್ನು ಎದುರು ಕೂರಿಸಿಕೊಂಡು ಸಾಲನ್ನು ಕೊನೆಯ ಪದದವರೆಗೆ ಓದಿ ನಿಲ್ಲಿಸಿ. ‘ಬಾಳಿನ ಪಯಣದ ದಾರಿಯ…’ ಅಂತ ನಾನು ನಿಲ್ಲಿಸಿದಾಗ ನನ್ನ ಹೆಂಡತಿ ಅಡುಗೆಮನೆಯಿಂದಲೇ ‘ದೀಪ’ ಅಂದಳು. ‘ನೀನೇ ನನ್ನಯ ದೇವರ…’ ಅಂದರೆ ‘ರೂಪ’. ಕೇಳುವವರಿಗೆ ಮುಂದಿನ ಪದ ಮೊದಲೇ ಗೊತ್ತಿದ್ದರೆ ಅವರು ಕೇಳುವುದನ್ನು ಬಿಟ್ಟಿರುತ್ತಾರೆ. ಟ್ಯೂನ್ ಮಾತ್ರ ಕಿವಿಗೆ ಹೋಗುತ್ತಿರುತ್ತದೆ.

ಸವಕಲು ಹೆಚ್ಚಾಗಿ ಪ್ರಾಸದ ಬಾಗಿಲಿಂದ ಒಳಗೆ ಬರುತ್ತದೆ. ಉಸಿರು ಅಂದರೆ ಹೆಸರು, ಪ್ರೀತಿ ಅಂದರೆ ರೀತಿ, ಬಾನು ಅಂದರೆ ಜೇನು, ಮೌನ ಅಂದರೆ ಗಾನ, ಕಣ್ಣು ಅಂದರೆ ಹೆಣ್ಣು. ‘ದೀಪ’ ಬರೆದ ಕೂಡಲೇ ‘ರೂಪ’ ತಾನಾಗಿ ಬಂದು ನಿಂತಿತು, ರೂಪಕ್ಕೆ ದೇವರು ಬೇಕಾಯಿತು. ಅಂದರೆ ಅಪ್ಪ ದೇವರಾದದ್ದು ಪ್ರಾಸದ ಒತ್ತಾಯಕ್ಕೆ. ಕರಡಿನ ಕೊನೆಪದಗಳನ್ನಷ್ಟೇ ಒಂದು ಪಟ್ಟಿ ಮಾಡಿ. ಪ್ರತಿ ಜೋಡಿಯಲ್ಲೂ ‘ಇವುಗಳಲ್ಲಿ ನನಗೆ ನಿಜವಾಗಿ ಬೇಕಿದ್ದದ್ದು ಯಾವುದು, ಅದರ ಹಿಂದೆ ಸುಮ್ನೆ ಬಂದದ್ದು ಯಾವುದು?’ ಅಂತ ಕೇಳಿಕೊಳ್ಳಿ. ಎರಡೂ ಸುಮ್ನೆ ಬಂದಿದ್ದರೆ ಆ ಎರಡು ಸಾಲನ್ನೂ ಬಿಡಬಹುದು.

‘ಹೋದೆ, ತಂದೆ’ ಜೋಡಿಯಲ್ಲಿ ಇನ್ನೊಂದು ತೊಡಕಿದೆ. ‘ನೋವನು ತಂದೆ’ ಅಂತ ಹಾಡಿದರೆ, ಹಾಡು ಅಪ್ಪನ ಮೇಲಿರುವುದರಿಂದ, ಕಿವಿಗೆ ‘ತಂದೆ’ ಅಂದರೆ ಅಪ್ಪ ಅಂತಲೇ ಕೇಳಿಸುತ್ತದೆ. ‘ಬೇಕು ಅಂತಲೇ ಇಟ್ಟೆಯಾ?’ ಅಂತ ಕೇಳಿದೆ. ‘ಇಲ್ಲ ಸರ್, ಈಗಲೇ ಗೊತ್ತಾಗಿದ್ದು’ ಅಂದ. ಬೇಕಂತ ಇಟ್ಟಿದ್ದರೆ ಅದನ್ನು ದುಡಿಸಿಕೊಳ್ಳಬಹುದಿತ್ತು. ತಿಳಿಯದೆ ಬಂದ ಶ್ಲೇಷೆ ಕೇಳುವವರನ್ನು ಅರೆಕ್ಷಣ ಬೇರೆ ಕಡೆಗೆ ಎಳೆದು ಬಿಡುತ್ತದೆ, ಅಷ್ಟೇ.

ಒಂದು ಮಿತಿಯನ್ನೂ ಹೇಳಿಬಿಡುತ್ತೇನೆ. ಪರಿಚಿತವಾದದ್ದೆಲ್ಲ ಸವಕಲು ಅಲ್ಲ. ಜನಪದ ಹಾಡುಗಳಲ್ಲಿ, ಜೋಗುಳದಲ್ಲಿ, ಭಜನೆಯಲ್ಲಿ ಅದೇ ಮಾತು ಮತ್ತೆ ಮತ್ತೆ ಬರಬೇಕು. ಎಲ್ಲರೂ ಜೊತೆಗೆ ದನಿ ಸೇರಿಸಲಿ ಅಂತಲೇ ಅದು ಇರುವುದು. ಅಲ್ಲಿ ಮುಂದಿನ ಪದ ಗೊತ್ತಿರುವುದೇ ಬಲ. ಒಬ್ಬ ಮನುಷ್ಯ ತನ್ನ ಸ್ವಂತ ನೆನಪನ್ನು ಹಾಡುತ್ತಿರುವ ಕಡೆ ಮಾತ್ರ ಈ ಪರೀಕ್ಷೆ ಮಾಡಿ.

ಹೆಜ್ಜೆ 4: ತುಂಬುಪದ

ಮಾತ್ರೆ ತುಂಬಿಸಲು ಪದ ಸೇರಿಸುವುದು ಹಳೆಯ ರೂಢಿ. ಅದಕ್ಕೆ ಪಾದಪೂರಣ ಅಂತ ಹೆಸರೇ ಇದೆ. ಸಂಸ್ಕೃತದಲ್ಲಿ ತು, ಹಿ, ಚ, ಸ್ಮ, ಹ, ವೈ ಇವು ಪಾದ ತುಂಬಿಸಲು ಬರುತ್ತವೆ ಅಂತ ಅಮರಕೋಶ ಪಟ್ಟಿಯನ್ನೇ ಕೊಡುತ್ತದೆ. ಈಗಿನ ಕನ್ನಡ ಹಾಡಿನಲ್ಲಿ ಆ ಕೆಲಸವನ್ನು ಬೇರೆ ಪದಗಳು ಮಾಡುತ್ತಿವೆ: ಈ, ಆ, ಎಂದೂ, ಸದಾ, ಏನೋ, ಹೀಗೆ, ತಾನೇ, ಇಂದು, ನೋಡು.

ಇವನ್ನು ಹಿಡಿಯುವುದು ಸುಲಭ. ಪದವನ್ನು ತೆಗೆದು ಆ ಜಾಗದಲ್ಲಿ ‘ತಾನ’ ಅಂತ ಹಾಡಿ. ಅರ್ಥ ಕದಲಲಿಲ್ಲ ಅಂದರೆ ಅದು ತುಂಬುಪದ. ‘ತೇಲುವೆ ತಾನಾ ತಾನನ ತಾನ’ ಅಂತ ಹಾಡಿನೋಡಿದೆವು. ಏನೂ ಕಳೆದುಹೋಗಲಿಲ್ಲ. ಒಂದು ಸಾಲಿನ ನಾಲ್ಕು ಪದದಲ್ಲಿ ಮೂರು ತುಂಬುಪದ. ‘ಏನೋ ನೋವನು’ ಅನ್ನುವಲ್ಲಿ ‘ಏನೋ’ ಇನ್ನೂ ಕೆಟ್ಟದ್ದು. ಅದು ಜಾಗ ತುಂಬುವುದರ ಜೊತೆಗೆ ನೋವನ್ನೇ ಮಸುಕು ಮಾಡುತ್ತದೆ. ಅಪ್ಪ ಸತ್ತ ನೋವಿಗೆ ‘ಏನೋ ನೋವು’ ಅಂತ ಯಾರಾದರೂ ಅನ್ನುತ್ತಾರಾ?

ಪೂರ್ತಿ ಪದಗಳಿಗಿಂತ ಬಾಲಗಳನ್ನು ಹಿಡಿಯುವುದು ಕಷ್ಟ. ‘ನನ್ನ’ ಮೂರು ಮಾತ್ರೆ. ನಾಲ್ಕು ಬೇಕಾದರೆ ‘ನನ್ನಯ’ ಆಗುತ್ತದೆ. ಮನೆಯಲ್ಲಿ, ಬೀದಿಯಲ್ಲಿ ಯಾರ ಬಾಯಲ್ಲೂ ಬರದ ಪದ ಅದು. ‘ಮಳೆಯು’, ‘ಮನವು’ ಅನ್ನುವಾಗ ಕೊನೆಗೆ ಅಂಟುವ ‘ಉ’ ಕೂಡ ಹೆಚ್ಚಿನ ಸಲ ಮಾತ್ರೆಗಾಗಿಯೇ ಬಂದಿರುತ್ತದೆ. ‘ನನಗೇ’, ‘ನೀನೇ’ ಅನ್ನುವ ‘ಏ’ ಮಾತ್ರ ಬಹಳ ಮೋಸದ್ದು. ಒಂದು ಲಘುವನ್ನು ಗುರು ಮಾಡಿಕೊಡುತ್ತದೆ, ಆದರೆ ಜೊತೆಗೆ ‘ಬೇರೆ ಯಾರೂ ಅಲ್ಲ’ ಅನ್ನುವ ಒತ್ತನ್ನೂ ತರುತ್ತದೆ. ‘ನನಗೇ ತಂದೆ’ ಅಂದರೆ ಅಮ್ಮನಿಗೆ, ತಂಗಿಗೆ ನೋವಾಗಲಿಲ್ಲವೇ ಅಂತ ಕೇಳಿಸುತ್ತದೆ. ಹುಡುಗನಿಗೆ ಬೇಕಿದ್ದದ್ದು ಒಂದು ಮಾತ್ರೆ ಅಷ್ಟೇ.

ಟ್ಯೂನ್ ಮೊದಲು ಬಂದ ಹಾಡಾದರೆ ಇನ್ನೊಂದನ್ನು ನೋಡಿ. ಉದ್ದ ಸ್ವರ ಯಾವ ಪದದ ಮೇಲೆ ಬಿದ್ದಿದೆ? ಗಾಯಕರು ನಿಲ್ಲುವ, ಗಮಕ ಹಾಕುವ ಜಾಗದಲ್ಲಿ ‘ಹೀಗೆ’ ಇದ್ದರೆ ಹಾಡಿನ ಅತ್ಯಂತ ಬೆಲೆಬಾಳುವ ಜಾಗವನ್ನು ಖಾಲಿ ಪದಕ್ಕೆ ಕೊಟ್ಟಂತೆ. ತುಂಬುಪದ ಇಡಲೇಬೇಕಾದರೆ ಗಾಯಕರು ಓಡಿಸಿಕೊಂಡು ಹೋಗುವ ಕಡೆ ಇಡಿ. ‘ಓಹೋ’, ‘ತಂದಾನ’ದಂಥವು ಈ ಲೆಕ್ಕಕ್ಕೆ ಬರುವುದಿಲ್ಲ. ಅವು ಸಂಗೀತದ ಭಾಗ, ಅರ್ಥ ಇದೆ ಅಂತ ನಟಿಸುವುದಿಲ್ಲ.

ಹೆಜ್ಜೆ 5: ಖಾಲಿಯಾದ ಜಾಗಕ್ಕೆ ಸಾಮಾನು ತರುವುದು

ಇಷ್ಟಾಗುವಾಗ ನಮ್ಮ ಕರಡಿನಲ್ಲಿ ಉಳಿದದ್ದು ‘ಅಪ್ಪ’ ಅನ್ನುವ ಪದ ಒಂದೇ. ಹೊಸ ಸಾಲು ಬರೆಯಲು ಹೋಗಬೇಡಿ ಅಂತ ಅವನಿಗೆ ಹೇಳಿ, ಸುಮ್ನೆ ಪ್ರಶ್ನೆ ಕೇಳಿದೆ.

‘ನಿಮ್ಮಪ್ಪ ಏನು ಮಾಡ್ತಿದ್ರು?’

‘ಟೈಲರ್ ಸರ್. ಬಸ್‌ಸ್ಟ್ಯಾಂಡ್ ಹತ್ರ ಸಣ್ಣ ಅಂಗಡಿ.’

‘ಹೊಲಿಯುವಾಗ ಮಾತಾಡ್ತಿದ್ರಾ?’

‘ಬಾಯಲ್ಲಿ ಸೂಜಿ ಕಚ್ಚಿಕೊಂಡಿರ್ತಿದ್ರು. ಅದಕ್ಕೇ ಬೈದ್ರೂ ಮೆಲ್ಲಗೆ ಬೈಯ್ಯೋರು.’

‘ನಿನಗೆ ಏನು ಹೊಲಿದುಕೊಡ್ತಿದ್ರು?’

‘ಸ್ಕೂಲ್ ಪ್ಯಾಂಟು. ಕೆಳಗಡೆ ಬಟ್ಟೆ ಜಾಸ್ತಿ ಬಿಟ್ಟು ಒಳಗೆ ಮಡಚಿ ಹೊಲಿಯೋರು. ನಾನು ಉದ್ದ ಆದ ಹಾಗೆ ಸ್ವಲ್ಪ ಸ್ವಲ್ಪ ಬಿಚ್ಚಿಕೊಡೋರು. ಬಿಚ್ಚಿದ ಕಡೆ ಗೆರೆ ಕಾಣೋದು. ನಂಗೆ ನಾಚಿಕೆ ಆಗೋದು.’ ಸ್ವಲ್ಪ ಸುಮ್ಮನಿದ್ದು, ‘ಕೊನೇ ಪ್ಯಾಂಟು ಇನ್ನೂ ಹಾಗೇ ಇದೆ ಸರ್. ಬಿಚ್ಚಿಲ್ಲ’ ಅಂದ.

ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹಾಡು ಅಲ್ಲಿತ್ತು.

ಪ್ರಶ್ನೆ ಯಾವಾಗಲೂ ಕೈ, ಬಾಯಿ, ವಸ್ತು, ಜಾಗ ಇವುಗಳ ಸುತ್ತ ಇರಲಿ. ‘ಅಪ್ಪ ಅಂದರೆ ನಿನಗೆ ಏನು ಅನ್ನಿಸುತ್ತದೆ?’ ಅಂತ ಕೇಳಿದ್ದರೆ ಮತ್ತೆ ದೀಪವೇ ಬರುತ್ತಿತ್ತು. ಒಬ್ಬರೇ ಬರೆಯುತ್ತಿದ್ದರೆ ಈ ಪ್ರಶ್ನೆಗಳನ್ನು ಹಾಳೆಯಲ್ಲಿ ಬರೆದು ಕೆಳಗೆ ಉತ್ತರ ಬರೆಯಿರಿ. ಮಾತ್ರೆ, ಪ್ರಾಸ ಯಾವುದರ ಗೊಡವೆಯೂ ಬೇಡ. ಸಿಕ್ಕಿದ್ದನ್ನೆಲ್ಲ ಹಾಡಿಗೆ ಹಾಕಲೂಬಾರದು. ಕೇಳುವವರು ಹಾಡನ್ನು ಹಿಂದೆ ತಿರುಗಿಸಿ ಓದಲಾರರು. ಎರಡು ಸಾಲಿಗೆ ಒಂದು ವಸ್ತು ಸಾಕು. ಬಿಚ್ಚಿದ ಗೆರೆ, ನಾಚಿಕೆ, ಬಸ್‌ಸ್ಟ್ಯಾಂಡ್ ಇವನ್ನು ನಾವು ಹೊರಗೇ ಬಿಟ್ಟೆವು.

ಹೆಜ್ಜೆ 6: ಮತ್ತೆ ಬರೆದು ಮತ್ತೆ ಸೋಸುವುದು

ಅದೇ ಟ್ಯೂನ್, ಅದೇ ಮಾತ್ರೆ. ಎರಡು ವಾರ ಹಿಡಿಯಿತು. ಪಲ್ಲವಿ ಹೀಗೆ ಬಂತು:

ಪ್ಯಾಂಟಿನ ತುದಿಯಲಿ ಮಡಚಿದ ಬಟ್ಟೆ
ಬೆಳೆದರೆ ಬಿಚ್ಚಲು ಬಿಟ್ಟನು ಅಪ್ಪ
ಒಂದೊಂದಿಂಚೇ ಬಿಚ್ಚುತ ಬೆಳೆದೆ
ಕೊನೆಯದು ಹಾಗೇ ಉಳಿದಿದೆ ಅಪ್ಪ

ಈಗ ಇದನ್ನೂ ಅದೇ ಪರೀಕ್ಷೆಗಳಿಗೆ ಒಡ್ಡಬೇಕು. ಮೂರನೇ ಸಾಲಿನ ‘ಏ’ ನೋಡಿ. ತೆಗೆದರೆ ‘ಒಂದೇ ಒಂದು ಇಂಚು’ ಅನ್ನುವ ಲೆಕ್ಕಾಚಾರ ಹೋಗುತ್ತದೆ, ಬಟ್ಟೆ ಉಳಿಸುವ ಅಪ್ಪನ ಕೈ ಹೋಗುತ್ತದೆ. ಆದ್ದರಿಂದ ಅದು ಇರಲಿ. ನಾಲ್ಕನೆಯ ಸಾಲಿನ ‘ಹಾಗೇ’ ಹಳೆಯ ಕರಡಿನ ‘ಹೀಗೆ’ಯ ಅಣ್ಣನ ಹಾಗಿದೆ. ಆದರೆ ಅಲ್ಲಿ ‘ತಾನಾ’ ಅಂತ ಹಾಡಿನೋಡಿ. ‘ಬಿಚ್ಚದೆ’ ಅನ್ನುವ ಅರ್ಥವೇ ಕಳೆದುಹೋಗುತ್ತದೆ. ಒಂದು ಪದ ತುಂಬುಪದವೋ ಅಲ್ಲವೋ ಅನ್ನುವುದು ಅದು ಕೂತ ಜಾಗದಿಂದ ತಿಳಿಯುತ್ತದೆ, ಪಟ್ಟಿಯಿಂದ ಅಲ್ಲ. ಮೊದಲು ಪ್ರಾಸಕ್ಕಾಗಿ ಹುಡುಕಾಡಿದೆವು. ಕೊನೆಗೆ ‘ಅಪ್ಪ’ ಎರಡು ಸಲ ಬಂತು, ಒಮ್ಮೆ ಅವನ ಬಗ್ಗೆ ಹೇಳುತ್ತ, ಇನ್ನೊಮ್ಮೆ ಅವನನ್ನೇ ಕರೆಯುತ್ತ. ಅದಕ್ಕಿಂತ ಒಳ್ಳೆಯ ಪ್ರಾಸ ನಮಗೆ ಬೇಕಾಗಲಿಲ್ಲ. ‘ಅಮ್ಮ’ ಅಂತ ಬದಲಿಸಿದರೆ? ಅಮ್ಮನೂ ಹೊಲಿಯಬಹುದು. ಆದರೆ ದೇವರೂ ಗುರುಗಳೂ ನಲ್ಲೆಯೂ ಇನ್ನು ಈ ಹಾಡಿಗೆ ಬರಲಾರರು.

ಚರಣದ ಮೊದಲೆರಡು ಸಾಲು ಬೇಗ ಆದವು:

ಸೂಜಿಯ ಕಚ್ಚಿದ ಬಾಯಲಿ ಮಾತು
ಬೈಗುಳ ಕೂಡಾ ಮೆಲ್ಲಗೆ ಇತ್ತು

ಕೊನೆಯೆರಡು ಸಾಲು ಕಾಡಿಸಿದವು. ಅಂಗಡಿ ಮುಚ್ಚಿ ಮೂರನೇ ವರ್ಷದಲ್ಲಿ ಅಪ್ಪನ ಹಳೆಯ ಅಂಗಿಯ ಜೇಬಿನಲ್ಲಿ ಅವನಿಗೆ ಸೀಮೆಸುಣ್ಣದ ತುಂಡು ಸಿಕ್ಕಿತ್ತು. ಮೊದಲು ಬರೆದದ್ದು ‘ಜೇಬಲಿ ಸಿಕ್ಕಿತು ಸೀಮೆಯ ಸುಣ್ಣ’. ಮಾತ್ರೆ ಸರಿ. ಆದರೆ ‘ನನ್ನಯ’ದ ಆ ‘ಯ’ ಇಲ್ಲಿ ಮತ್ತೆ ಬಂದು ‘ಸೀಮೆಸುಣ್ಣ’ ಅನ್ನುವ ಗಟ್ಟಿ ಪದವನ್ನು ಎರಡು ಹೋಳು ಮಾಡಿತ್ತು. ಯಾರ ಜೇಬು ಅನ್ನುವುದೂ ತಿಳಿಯುತ್ತಿರಲಿಲ್ಲ. ಆಮೇಲೆ ಪ್ರಾಸದ ಆಸೆಗೆ ‘ಅಂಗಡಿ ಮುಚ್ಚಿದೆ ವರ್ಷವು ಮೂರು, ಅಂಗಿಯ ಜೇಬಲಿ ಚಾಕಿನ ಚೂರು’ ಅಂತ ಮಾಡಿದ. ಟೈಲರುಗಳು ಚಾಕ್ ಅಂತಲೇ ಅನ್ನುತ್ತಾರೆ, ಅದು ಸರಿ. ‘ವರ್ಷವು’ ಅನ್ನುವ ‘ಉ’ ಮಾತ್ರ ಕಿರಿಕಿರಿ ಮಾಡುತ್ತಿತ್ತು. ಆದರೂ ‘ಮೂರು, ಚೂರು’ ಕಿವಿಗೆ ಹಿತವಾಗಿತ್ತು, ನಾನೂ ಒಪ್ಪಿಬಿಟ್ಟಿದ್ದೆ.

ಹೆಜ್ಜೆ 7: ಕೇಳಿ ಬರೆಸುವುದು

ಕೊನೆಯ ಪರೀಕ್ಷೆ ಇದು. ಹಾಳೆ ನೋಡದ ಒಬ್ಬರ ಮುಂದೆ ಹಾಡನ್ನು ಟ್ಯೂನಿನಲ್ಲೇ ಒಮ್ಮೆ ಹಾಡಿ. ಕೇಳಿದ್ದನ್ನು ಬರೆಯಲು ಹೇಳಿ. ತಿದ್ದಬೇಡಿ, ಸೂಚನೆ ಕೊಡಬೇಡಿ. ಅವರ ಹಾಳೆಯಲ್ಲಿ ಬಿಟ್ಟುಹೋದ ಪದಗಳು ತುಂಬುಪದಗಳಾಗಿರುವ ಸಾಧ್ಯತೆ ಜಾಸ್ತಿ. ತಪ್ಪಾಗಿ ಬರೆದ ಪದಗಳು ಕಿವಿಗೆ ಎರಡು ಅರ್ಥ ಕೊಡುವಂಥವು.

ನನ್ನ ಅಕ್ಕನ ಮಗಳು ಕೇಳಿ ಬರೆದಳು. ಪಲ್ಲವಿ ಪೂರ್ತಿ ಸರಿಯಾಗಿತ್ತು. ಕೊನೆಯ ಸಾಲಿಗೆ ಬಂದಾಗ ಕೇಳಿದಳು: ‘ಮಾಮ, ಅವರ ಅಪ್ಪನ ಜೇಬಲ್ಲಿ ಚಾಕು ಯಾಕಿತ್ತು?’

‘ಚಾಕಿನ ಚೂರು’ ಅಂದರೆ ಹಾಳೆಯ ಮೇಲೆ ಚಾಕ್‌ಪೀಸ್. ಹಾಡಿದರೆ ಚಾಕು ಮುರಿದ ಚೂರು. ನಾವಿಬ್ಬರೂ ಅದನ್ನು ಹತ್ತಾರು ಸಲ ಹಾಡಿದ್ದೆವು, ಒಮ್ಮೆಯೂ ಹೊಳೆದಿರಲಿಲ್ಲ.

ಹುಡುಗ ಅವತ್ತು ರಾತ್ರಿಯೇ ಫೋನ್ ಮಾಡಿದ. ‘ಸರ್, ಸೀಮೆಸುಣ್ಣ ಅಂತಲೇ ಇಡ್ತೀನಿ. ಒಂದು ಮಾತ್ರೆ ಕಡಿಮೆ ಬರುತ್ತೆ. “ಮೆ” ಅನ್ನೋದನ್ನ ಒಂದು ಮಾತ್ರೆ ಎಳೆದು ಹಾಡ್ತೀನಿ’ ಅಂದ. ಪದ ಸೇರಿಸಿ ತುಂಬುತ್ತಿದ್ದ ಜಾಗವನ್ನು ಮೊದಲ ಸಲ ದನಿಗೆ ಬಿಟ್ಟುಕೊಟ್ಟಿದ್ದ. ಪ್ರಾಸ ಹೋಯಿತು, ಅದರ ಜೊತೆ ‘ವರ್ಷವು’ ಕೂಡ ಹೋಯಿತು. ಆದರೆ ‘ಅಂಗಡಿ’, ‘ಅಂಗಿಯ’ ಎರಡೂ ಸಾಲಿನ ಮೊದಲಲ್ಲೇ ಕೂತಿದ್ದರಿಂದ ಆದಿಪ್ರಾಸ ಹುಡುಕದೆಯೇ ಸಿಕ್ಕಿತ್ತು:

ಅಂಗಡಿ ಮುಚ್ಚಿದ ಮೂರನೆ ವರ್ಷ
ಅಂಗಿಯ ಜೇಬಲಿ ಸೀಮೆಸುಣ್ಣ